ರಜೆಯ ಮಾರನೇ ದಿನದ ಉಸಿರು

ನಮ್ಮ ಮಿಲ್ಲಿಗೆ ಬುಧವಾರ ವಾರದ ರಜೆ. ಗುರುವಾರ ಬೆಳಿಗ್ಗೆ ಕೆಲಸಕ್ಕೆ ನಿಂತ ಎರಡು ಮೂರು ಗಂಟೆಗೆಲ್ಲ ನಮ್ಮಲ್ಲಿ ಸುಮಾರು ಜನಕ್ಕೆ ಎದೆ ಬಿಗಿಯುತ್ತಿತ್ತು. ಯಾರೋ ಹಿಂದೆ ನಿಂತು ಎದೆಗೆ ಬಟ್ಟೆ ಸುತ್ತಿ ಎಳೆದು ಗಂಟು ಹಾಕಿದ ಹಾಗೆ. ಮಧ್ಯಾಹ್ನಕ್ಕೆ ಒಣಕೆಮ್ಮು, ಮನೆಗೆ ಬರುವ ಹೊತ್ತಿಗೆ ಮೈ ಬೆಚ್ಚಗೆ. ಶುಕ್ರವಾರ ಕೊಂಚ ಪರವಾಗಿಲ್ಲ. ಶನಿವಾರಕ್ಕೆ ಮರೆತೇ ಹೋಗುತ್ತಿತ್ತು. ರಜೆ ದಿನ ಉಂಡು ಮಲಗಿದ್ದಕ್ಕೆ ಮೈ ಬಗ್ಗುತ್ತಿಲ್ಲ ಅಂತ ಮೇಸ್ತ್ರಿ ನಗಾಡುತ್ತಿದ್ದ. ನಾವೂ ನಗುತ್ತಿದ್ದೆವು. ಅದು ಸೋಮಾರಿತನ ಅಂತಲೇ ನಾನು ಎಷ್ಟೋ ವರ್ಷ ನಂಬಿದ್ದೆ.

ಹೂಟಗಳ್ಳಿ ಕಡೆಯ ಆ ನೂಲಿನ ಮಿಲ್ಲಿಗೆ ನಾನು ಸೇರಿದ್ದು ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ. ಹತ್ತನೇ ಕ್ಲಾಸು ಪಾಸಾಗಿತ್ತು, ಕೈಕಾಲು ಗಟ್ಟಿ ಇತ್ತು. ಮೊದಲು ಹಾಕಿದ್ದು ಬೇಲು, ಅಂದರೆ ಬಿಗಿದು ಕಟ್ಟಿದ ಹತ್ತಿ ಮೂಟೆ, ಒಡೆದು ಹತ್ತಿ ಬಿಡಿಸುವ ಕೋಣೆಗೆ. ಆಮೇಲೆ ಹತ್ತಿಯನ್ನು ಬಾಚುವ ಕಾರ್ಡಿಂಗ್ ಯಂತ್ರಗಳ ಹತ್ತಿರ. ಅಲ್ಲಿ ಕಸ ತೆಗೆಯುವುದು, ಬಾಚಿದ ಹತ್ತಿ ತುಂಬಿದ ಎತ್ತರದ ಡಬ್ಬಗಳನ್ನು ತಳ್ಳುವುದು, ಯಂತ್ರದ ಕೆಳಗೆ ಬಿದ್ದ ಎಳೆ ಗುಡಿಸುವುದು. ಬೆಳಕಿನ ಕೋಲು ಬಿದ್ದ ಕಡೆಯಲ್ಲೆಲ್ಲ ಗಾಳಿಯೇ ಬೆಳ್ಳಗೆ ಕಾಣುತ್ತಿತ್ತು. ರೆಪ್ಪೆ, ಹುಬ್ಬು, ಕಿವಿಯ ಹಿಂದೆ ಎಲ್ಲ ಕಡೆ ಹತ್ತಿ. ಅಶೋಕಪುರಂನ ನಮ್ಮ ಬಾಡಿಗೆ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೆ ಬಚ್ಚಲ ತೂಬಿನಲ್ಲಿ ಬಿಳಿ ಉಂಡೆ ನಿಲ್ಲುತ್ತಿತ್ತು.

ವರ್ಷ ಕಳೆದ ಹಾಗೆ ಗುರುವಾರದ ಬಿಗಿತ ಶುಕ್ರವಾರಕ್ಕೂ ಹಬ್ಬಿತು. ಆಮೇಲೆ ಶನಿವಾರಕ್ಕೆ. ಕೊನೆಕೊನೆಗೆ ವಾರಪೂರ್ತಿ. ಬಡಾವಣೆಯ ಖಾಸಗಿ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ಆಸ್ತಮಾ ಅಂದರು. ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಅವರದ್ದು ತಪ್ಪು ಅಂತ ಹೇಳಲಾರೆ. ಏನು ಕೆಲಸ ಮಾಡುತ್ತೀರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ, ಅಷ್ಟೆ. ಪಂಪಿನಲ್ಲಿ ಇನ್ನೊಂದಷ್ಟು ಕಾಲ ತಳ್ಳಿದೆ. ಒಂದು ದಿನ ಬೆಳಿಗ್ಗೆ ನೀರಿನ ಕ್ಯಾನು ಹಿಡಿದು ಮಹಡಿ ಮೆಟ್ಟಿಲು ಹತ್ತುತ್ತಿದ್ದವಳು ನಡುವೆ ಕೂತುಬಿಟ್ಟೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ನನ್ನ ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ. ಅವತ್ತು ಲೋಡು ಬಿಟ್ಟು ನನ್ನನ್ನೇ ಹಿಂದೆ ಕೂರಿಸಿಕೊಂಡು ಡಿಸ್ಪೆನ್ಸರಿಗೆ ಓಡಿಸಿದರು.

ಸಂಬಳದಲ್ಲಿ ತಿಂಗಳು ತಿಂಗಳು ಇಎಸ್‌ಐ ಅಂತ ಹಿಡಿಯುತ್ತಾರಲ್ಲ, ಆ ಕಾರ್ಮಿಕರ ವಿಮೆಯ ಡಿಸ್ಪೆನ್ಸರಿ ಅದು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎದೆಯ ಎಕ್ಸ್‌ರೇ ತೆಗೆದರು. ಏನೂ ಇಲ್ಲ, ಕ್ಲೀನಾಗಿದೆ ಅಂದರು. ಏನೂ ಇಲ್ಲ ಅಂದ ಮೇಲೂ ನನಗೆ ಗೇಟಿನ ತನಕ ನಡೆಯಲು ಆಗಲಿಲ್ಲ. ಕೆಲಸ ಮಾಡಲಾಗದು ಅಂತ ಡಿಸ್ಪೆನ್ಸರಿಯಲ್ಲಿ ವಾರ ವಾರ ಸರ್ಟಿಫಿಕೇಟು ಕೊಟ್ಟರು. ಅದರ ಮೇಲೆ ವಿಮೆಯಿಂದ ಕಾಯಿಲೆ ಭತ್ಯೆ ಬರುತ್ತದೆ, ಆದರೆ ವರ್ಷಕ್ಕೆ ತೊಂಬತ್ತೊಂದು ದಿನ ಮಾತ್ರ. ಕೆಲವು ದೊಡ್ಡ ಕಾಯಿಲೆಗಳಿಗೆ ಅದನ್ನು ಮುಂದುವರಿಸುತ್ತಾರೆ. ನನ್ನ ಚೀಟಿಯಲ್ಲಿದ್ದ ಆಸ್ತಮಾ ಆ ಪಟ್ಟಿಯಲ್ಲಿ ಇರಲಿಲ್ಲ.

ದಿನಗಳು ಮುಗಿಯುತ್ತಾ ಬಂದಾಗ ಮಿಲ್ಲಿನಿಂದ ಫೋನು ಬಂತು. ಸಿಬ್ಬಂದಿ ಅಧಿಕಾರಿ ಕೂರಿಸಿ ಮಾತಾಡಿಸಿದರು. ಒಳ್ಳೆಯ ಮಾತಿನ ಮನುಷ್ಯ. ಮೇಜಿನ ಮೇಲೆ ಟೈಪಾದ ಒಂದು ಹಾಳೆ ಇತ್ತು.

"ನೋಡಿಮ್ಮ, ಇಷ್ಟು ವರ್ಷ ದುಡಿದಿದ್ದೀರಿ. ನಿಮ್ಮನ್ನ ಕಷ್ಟಕ್ಕೆ ಹಾಕೋದು ನಮಗೂ ಇಷ್ಟ ಇಲ್ಲ. ರಾಜೀನಾಮೆ ಕೊಟ್ಟು ಲೆಕ್ಕ ಚುಕ್ತಾ ಮಾಡಿಸ್ಕೊಂಡು ಆರಾಮಾಗಿ ಮನೇಲಿರಿ."

ಹಾಳೆಯಲ್ಲಿ ಎರಡೇ ಸಾಲು ಇತ್ತು. ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ ಅಂತ.

"ಸ್ವಂತ ಕಾರಣ ಅಂದ್ರೆ ಏನು ಸಾರ್?" ಅಂದೆ.

"ಆರೋಗ್ಯ, ಮನೆ, ಏನೋ ಒಂದು. ಎಲ್ಲರೂ ಹಾಗೇ ಬರೀತಾರೆ."

"ಧೂಳಿಲ್ಲದ ಕಡೆ ಏನಾದ್ರೂ ಕೆಲಸ ಕೊಡಿ ಸಾರ್. ಕ್ಯಾಂಟೀನು, ಗೇಟು..."

"ಅಲ್ಲೆಲ್ಲ ಕಂಟ್ರಾಕ್ಟಿನವರು ಇದ್ದಾರಮ್ಮ. ನಿಮ್ಮ ಜಾಗ ಕಾರ್ಡಿಂಗು. ಅಲ್ಲಿಗೆ ಬನ್ನಿ, ಇಲ್ಲ ಇದಕ್ಕೆ ಸೈನು ಹಾಕಿ."

ಮನೆಯವರನ್ನು ಕೇಳಿ ಹೇಳುತ್ತೇನೆ ಅಂತ ಹಾಳೆ ಮಡಿಸಿಕೊಂಡು ಬಂದೆ. ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಅದನ್ನು ಓದಿ ಪಕ್ಕಕ್ಕಿಟ್ಟರು.

"ಹಾಕ್ಬುಡು ಕಣೇ. ಮೆಟ್ಲ ಮೇಲೆ ನಿನ್ನ ಮುಖ ನೋಡಿದೀನಿ ನಾನು. ಇನ್ನೊಂದ್ಸಲ ನೋಡಕಾಗಲ್ಲ."

ಅವರ ಭಯ ನನಗೆ ಅರ್ಥವಾಗುತ್ತಿತ್ತು. ಆದರೆ ಆ ಎರಡು ಸಾಲು ಒಪ್ಪಲು ಆಗಲಿಲ್ಲ. ಹಳ್ಳಿಯಿಂದ ಬಂದಾಗ ನಾನು ಚೀಲ ಹೊತ್ತು ಓಡುತ್ತಿದ್ದವಳು. ಅಂಥವಳ ಉಸಿರು ಎಲ್ಲಿ ಹೋಯಿತು? ಅದು ನನ್ನ ಸ್ವಂತ ಕಾರಣವಾ? ನಾಳೆ ಡಿಸ್ಪೆನ್ಸರಿಗೆ ಹೋಗಿ ಕೇಳಿಕೊಂಡು ಬರುತ್ತೇನೆ, ಆಮೇಲೆ ನೋಡೋಣ ಅಂದೆ.

ಡಿಸ್ಪೆನ್ಸರಿಗೆ ಆಗಷ್ಟೇ ಹೊಸ ಲೇಡಿ ಡಾಕ್ಟರು ಬಂದಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಹೊರಗೆ ದೊಡ್ಡ ಸಾಲಿತ್ತು. ಆದರೂ ನನ್ನ ಹಳೇ ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕಿ ತಲೆಯೆತ್ತಿ ಕೇಳಿದರು.

"ಎಲ್ಲಿ ಕೆಲಸ ಮಾಡ್ತೀರಿ?"

"ನೂಲಿನ ಮಿಲ್ಲು ಮೇಡಂ. ಕಾರ್ಡಿಂಗು."

"ಮೊದಮೊದಲು ಯಾವತ್ತು ಜಾಸ್ತಿ ಆಗ್ತಿತ್ತು? ದಿನಾಲೂನಾ, ಇಲ್ಲ ಯಾವುದಾದ್ರೂ ಒಂದು ದಿನನಾ?"

ನನಗೆ ನಗು ಬಂತು. "ಗುರುವಾರ ಮೇಡಂ. ರಜೆ ಮಾರನೇ ದಿನ. ಸೋಮಾರಿತನ ಅಂತ ಮೇಸ್ತ್ರಿ ಅಂತಿದ್ರು."

ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು. ಹತ್ತಿಯ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಒಂದು ಕಾಯಿಲೆ ಇದೆ, ಬಿಸಿನೋಸಿಸ್ ಅನ್ನುತ್ತಾರೆ, ರಜೆಯಾದ ಮೇಲಿನ ಮೊದಲ ದಿನ ಎದೆ ಬಿಗಿಯುವುದೇ ಅದರ ಗುರುತು ಅಂದರು. ಎಕ್ಸ್‌ರೇಯಲ್ಲಿ ಅದು ಕಾಣಿಸುವುದಿಲ್ಲವಂತೆ. ಹಾಗಾಗಿ ಎಕ್ಸ್‌ರೇ ಕ್ಲೀನಾಗಿದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಊದಿಸಿ ನೋಡುವ ಪರೀಕ್ಷೆ ಬೇಕು.

"ಇದು ಕೆಲಸದಿಂದ ಬರೋ ಕಾಯಿಲೆಗಳ ಪಟ್ಟೀಲಿದೆ. ಅಂದ್ರೆ ಮಿಲ್ಲಲ್ಲಿ ಕೈಗೆ ಏಟು ಬಿದ್ದ ಹಾಗೇ ಲೆಕ್ಕ. ಶಾಶ್ವತವಾಗಿ ದುಡಿಯೋ ಶಕ್ತಿ ಎಷ್ಟು ಹೋಗಿದೆಯೋ ಅದಕ್ಕೆ ತಕ್ಕ ಹಾಗೆ ತಿಂಗಳು ತಿಂಗಳು ಭತ್ಯೆ ಬರತ್ತೆ, ಬದುಕಿರೋ ತನಕ. ಆದರೆ ನಾನು ಹೇಳಿದ್ರೆ ಆಗಲ್ಲ. ವಿಶೇಷ ವೈದ್ಯಕೀಯ ಮಂಡಳಿ ಹೇಳಬೇಕು. ಅವರು ಮೂರು ಕೇಳ್ತಾರೆ. ಈ ಕಾಯಿಲೆ ಇದೆಯಾ, ಕೆಲಸದಿಂದಲೇ ಬಂತಾ, ಎಷ್ಟು ಶಕ್ತಿ ಹೋಯ್ತು. ಮೂರಕ್ಕೂ ಪುರಾವೆ ಬೇಕು."

ನಾನು ಬ್ಯಾಗಿನಿಂದ ಆ ಹಾಳೆ ತೆಗೆದು ತೋರಿಸಿದೆ. ಅವರ ಮುಖ ಗಂಟಾಯಿತು.

"ಕಾಯಿಲೆ ಭತ್ಯೆ ತಗೋತಿರೋವಾಗ ಅವರು ನಿಮ್ಮನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ. ಕಾನೂನಿದೆ. ನೀವೇ ಬರೆದುಕೊಟ್ರೆ ಬೇರೆ ಮಾತು."

ಅಲ್ಲಿಂದ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಿದ್ದ ಯಜಮಾನರಿಗೆ ಹೇಳಿದೆ. "ಸೈನು ಹಾಕಲ್ಲ ಕಣ್ರೀ."

ಅವರು ನನ್ನ ಮುಖ ನೋಡಿ ಆಟೊ ಸ್ಟಾರ್ಟ್ ಮಾಡಿದರು.

ಆಸ್ಪತ್ರೆಯ ಎದೆ ವಿಭಾಗದಲ್ಲಿ ಊದಿಸಿ ನೋಡಿದರು. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಕೊಳವೆ ಕೊಟ್ಟು, ಒಳಗೆ ಪೂರ್ತಿ ಎಳೆದುಕೊಂಡು ಒಂದೇ ಸಲ ರಭಸವಾಗಿ ಊದಬೇಕು. "ಊದಿ ಊದಿ ಊದಿ, ಬಿಡಬೇಡಿ" ಅಂತ ಪಕ್ಕದಲ್ಲಿ ನಿಂತವರು ಕಿರುಚುತ್ತಿದ್ದರು. ಪಂಪು ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ನನ್ನ ವಯಸ್ಸು, ಎತ್ತರಕ್ಕೆ ಇರಬೇಕಾದ್ದಕ್ಕಿಂತ ಉಸಿರು ಬಹಳ ಕಡಿಮೆ ಇತ್ತು. ಪಂಪು ಎಳೆದ ಮೇಲೂ ಏರಿದ್ದು ಅಷ್ಟಕ್ಕಷ್ಟೆ. ಆಸ್ತಮಾ ಆಗಿದ್ದರೆ ಚೆನ್ನಾಗಿ ಏರಬೇಕಿತ್ತಂತೆ.

ಡಿಸ್ಪೆನ್ಸರಿಯ ಡಾಕ್ಟರು ಆ ವರದಿ ನೋಡಿ, "ಕಾಯಿಲೆ ಇದೆ ಅನ್ನೋದಕ್ಕೆ ಇದಾಯ್ತು. ಮಿಲ್ಲಿನಿಂದ ಬಂತು ಅನ್ನೋದಕ್ಕೆ ಇದು ಸಾಲದು. ಸೌದೆ ಒಲೆ ಹೊಗೆಯಿಂದ ಬಂತು ಅಂತ ಯಾರಾದ್ರೂ ಅಂದ್ರೆ?" ಅಂದರು.

"ಮತ್ತೆ ಏನು ಮಾಡಬೇಕು ಮೇಡಂ?"

ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಮೊದಲ ದಿನದ ಕೆಲಸ ಮುಗಿದ ಮೇಲೆ ಒಮ್ಮೆ ಊದಿಸಿ ನೋಡಿದರೆ ವ್ಯತ್ಯಾಸ ಸಿಕ್ಕಿಬಿಡುತ್ತದೆ ಅಂದರು. ಅದನ್ನು ಹೇಳಿದ ಮರುಕ್ಷಣವೇ, "ಆದರೆ ಧೂಳಿಗೆ ವಾಪಸ್ ಹೋಗಿ ಅಂತ ನಾನು ಹೇಳಲ್ಲ. ಡಾಕ್ಟರಾಗಿ ಹೇಳೋಕೆ ಆಗಲ್ಲ" ಅಂದರು.

ನನ್ನ ಭತ್ಯೆಯ ದಿನ ಹೇಗೂ ಮುಗಿದಿತ್ತು. ಮಿಲ್ಲಿನವರು ಕಾರ್ಡಿಂಗಿಗೆ ಬಾ ಅಂತ ಕರೆದೂ ಆಗಿತ್ತು.

"ನೀವು ಹೇಳಬೇಡಿ ಮೇಡಂ. ನಾನೇ ಹೋಗ್ತೀನಿ. ಒಂದು ವಾರ."

"ಒಂದು ವಾರ ಬೇಡ. ಆಗಲ್ಲ ಅನ್ನಿಸಿದ ಕ್ಷಣ ಹೊರಗೆ ಬಂದುಬಿಡಬೇಕು. ಮಾತು ಕೊಡಿ."

ಕೊಟ್ಟೆ. ಧೂಳಿಲ್ಲದ ಕಡೆ ಕೆಲಸ ಕೊಡುವುದು ಒಳ್ಳೆಯದು ಅಂತ ಸಲಹೆ ಸೇರಿಸಿಯೇ ಅವರು ಕೆಲಸಕ್ಕೆ ಮರಳುವ ಸರ್ಟಿಫಿಕೇಟು ಬರೆದರು. ಜೊತೆಗೆ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಊದಿದರೆ ಅದರಲ್ಲಿ ಕೆಂಪು ಮುಳ್ಳು ಸರಿದು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಕೆಲಸಕ್ಕೆ ಮುಂಚೆ, ನಡುವೆ, ಕೊನೆಗೆ ಊದಿ ಬರೆದಿಟ್ಟುಕೊಳ್ಳಿ ಅಂದರು. ಬುಧವಾರ ಆಸ್ಪತ್ರೆಯಲ್ಲಿ ಒಮ್ಮೆ ಊದಿ ಬಂದೆ. ಇಷ್ಟು ವಾರ ಮನೆಯಲ್ಲಿದ್ದುದರಿಂದ ಉಸಿರು ಕೊಂಚ ಸುಧಾರಿಸಿತ್ತು.

ಗುರುವಾರ ಮೊದಲ ಪಾಳಿ. ಸಿಬ್ಬಂದಿ ಅಧಿಕಾರಿ ನನ್ನ ಸರ್ಟಿಫಿಕೇಟು ಓದಿ, ಸಲಹೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಬರೀ ಸಲಹೆ" ಅಂದರು. ಮತ್ತೆ ಅದೇ ಯಂತ್ರ, ಅದೇ ಬೆಳ್ಳನೆಯ ಗಾಳಿ. ಬಾಯಿಗೆ ಬಟ್ಟೆ ಕಟ್ಟಿಕೊಂಡೆ. ದಿನವೂ ಕಟ್ಟಿಕೊಳ್ಳುತ್ತಿದ್ದದ್ದೇ.

ಟೀ ಹೊತ್ತಿನಲ್ಲಿ ಪಾಯಿಖಾನೆ ಪಕ್ಕದ ಗೋಡೆಗೆ ತಿರುಗಿ ಊದಿದೆ. ಮುಳ್ಳು ಬೆಳಿಗ್ಗೆಗಿಂತ ಕೆಳಗೆ ನಿಂತಿತು. ಹಿಂದೆ ಯಾರೋ ನಿಂತಿದ್ದರು. ಪಕ್ಕದ ಯಂತ್ರದ ಅಕ್ಕ. ನನಗಿಂತ ಮುಂಚೆ ಸೇರಿದವರು, ನನಗೆ ಕೆಲಸ ಕಲಿಸಿದವರು.

"ಏನಮ್ಮಿ ಅದು, ಪೀಪಿ?"

ಹೇಳಿದೆ. ಕೇಳಿ, ಕೊಳವೆ ಇಸಿದುಕೊಂಡು ತಿರುಗಿಸಿ ನೋಡಿದರು.

"ನೀವೂ ಊದಿ ನೋಡಿ ಅಕ್ಕಾ."

"ಬ್ಯಾಡ ಕಣಮ್ಮಿ," ಅಂತ ಬಿಸಿ ಮುಟ್ಟಿದ ಹಾಗೆ ವಾಪಸ್ ಕೊಟ್ಟರು. "ಗೊತ್ತಾಗ್ಬುಟ್ರೆ ನಾಳೆ ಬರಕಾಯ್ತದಾ? ಇನ್ನೆರಡು ವರ್ಸ ಅದೆ ನಂಗೆ."

ಅವರು ಕೆಮ್ಮುತ್ತಲೇ ಯಂತ್ರದ ಕಡೆ ಹೋದರು. ನನಗೆ ಒತ್ತಾಯ ಮಾಡಲು ಮನಸ್ಸು ಬರಲಿಲ್ಲ.

ಊಟದ ಹೊತ್ತಿಗೆ ಎದೆಗೆ ಆ ಗಂಟು ಬಿತ್ತು. ತುಂಬಿದ ಡಬ್ಬ ತಳ್ಳುವಾಗ ಕಣ್ಣ ಮುಂದೆ ಚುಕ್ಕಿ ಕುಣಿದವು. ಬಿಟ್ಟು ಹೋಗಲಾ ಅನ್ನಿಸಿತು. ಡಾಕ್ಟರಿಗೆ ಕೊಟ್ಟ ಮಾತೂ ನೆನಪಿತ್ತು. ಡಬ್ಬದ ಅಂಚು ಹಿಡಿದು ನಿಂತು, ಉಸಿರನ್ನು ಹೊರಗೆ ತಳ್ಳಿ ತಳ್ಳಿ, ಇನ್ನೊಂದು ಡಬ್ಬ, ಆಮೇಲೆ ನೋಡೋಣ ಅಂದುಕೊಂಡೆ. ಆಮೇಲೆ ಮತ್ತೊಂದು. ಜೀವನದಲ್ಲಿ ನಾನು ಅಷ್ಟು ಹಟ ಹಿಡಿದದ್ದು ಇನ್ನೊಂದಿಲ್ಲ. ಪಾಳಿಯ ಗಂಟೆ ಹೊಡೆದಾಗ ಗೇಟಿನಾಚೆ ಆಟೊ ನಿಂತಿತ್ತು. ಯಜಮಾನರು ಸೀದಾ ಆಸ್ಪತ್ರೆಗೆ ಓಡಿಸಿದರು.

"ಊದಿ ಊದಿ ಊದಿ" ಅನ್ನುತ್ತಿದ್ದವರು ಅವತ್ತು ಎರಡನೇ ಸಲಕ್ಕೆ ಸಾಕು ಕೂತ್ಕೊಳಿ ಅಂದರು. ಇನ್ನೊಂದು ಸಲ ಆಗಲೇಬೇಕು ಅಂತ ನನಗೆ ಗೊತ್ತಿತ್ತು. ಮೂರೂ ಊದು ಒಂದೇ ಥರ ಬರದಿದ್ದರೆ ಬೇಕಂತಲೇ ಸರಿಯಾಗಿ ಊದಿಲ್ಲ ಅನ್ನುತ್ತಾರಂತೆ. ಸುಧಾರಿಸಿಕೊಂಡು ಊದಿದೆ. ಬುಧವಾರದ ಅಂಕಿಗೂ ಗುರುವಾರದ ಅಂಕಿಗೂ ನಡುವೆ ಇದ್ದ ಇಳಿತ ನೋಡಿ ಎದೆ ವಿಭಾಗದ ದೊಡ್ಡ ಡಾಕ್ಟರು ಎರಡೂ ಹಾಳೆಗಳನ್ನು ಒಂದಕ್ಕೊಂದು ಪಿನ್ನು ಮಾಡಿ, ಇನ್ನು ಆ ಮಿಲ್ಲಿನ ಒಳಗೆ ಕಾಲಿಡಬೇಡಿ ಅಂದರು. ಮರುದಿನದಿಂದ ನಾನು ಹೋಗಲಿಲ್ಲ. ಈ ಸಲದ ಸರ್ಟಿಫಿಕೇಟಿನಲ್ಲಿ ಆಸ್ತಮಾ ಅಂತ ಇರಲಿಲ್ಲ. ಹತ್ತಿ ಧೂಳಿನ ಕಾಯಿಲೆಯ ಶಂಕೆ, ಮಂಡಳಿಗೆ ಕಳಿಸಬೇಕು ಅಂತ ಇತ್ತು.

ವಿಮೆಯ ಶಾಖಾ ಕಚೇರಿಗೆ ಕಾಗದಗಳನ್ನು ಕೊಟ್ಟೆವು. ಅಲ್ಲಿನ ಮ್ಯಾನೇಜರು ನಡುವಯಸ್ಸಿನ, ನಿಧಾನವಾಗಿ ಮಾತಾಡುವ ಮನುಷ್ಯ. ಯಾವ ವಿಭಾಗದಲ್ಲಿ ಎಷ್ಟು ವರ್ಷ ಅಂತ ಮಿಲ್ಲಿನಿಂದ ಬರೆಸಿಕೊಳ್ಳಬೇಕು, ಆ ಕೆಲಸದಲ್ಲಿ ಬೇಕಾದಷ್ಟು ಕಾಲ ಇದ್ದಿರಿ ಅಂತ ತೋರಿಸದಿದ್ದರೆ ಮಂಡಳಿ ಮುಂದೆ ಹೋದರೂ ಉಪಯೋಗವಿಲ್ಲ ಅಂದರು. ಕೆಲವು ವಾರ ಕಾದ ಮೇಲೆ ಮಿಲ್ಲಿನ ಉತ್ತರ ಬಂತು. ಈಕೆ ಸಾಮಾನ್ಯ ಸಹಾಯಕಿ, ಪ್ಯಾಕಿಂಗ್ ಸೇರಿದಂತೆ ಬೇರೆ ಬೇರೆ ಕಡೆ ಕೆಲಸ ಮಾಡುತ್ತಿದ್ದರು ಅಂತ.

ಪ್ಯಾಕಿಂಗ್ ಕೋಣೆಯ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತಲೂ ನನಗೆ ಸರಿಯಾಗಿ ಗೊತ್ತಿಲ್ಲ.

"ಹಿಂಗ್ಯಾಕೆ ಸಾರ್ ಸುಳ್ಳು ಬರೀತಾರೆ? ಭತ್ಯೆ ಕೊಡೋದು ವಿಮೆಯವರು. ಅವರ ಕೈಯಿಂದ ಹೋಗೋದೇನಿದೆ?"

"ಒಬ್ಬರಿಗೆ ಈ ಕಾಯಿಲೆ ಅಂತ ಆದ್ರೆ ಕಾರ್ಖಾನೆ ಇಲಾಖೆಗೆ ತಿಳಿಸಬೇಕಮ್ಮ. ಇನ್‌ಸ್ಪೆಕ್ಟರು ಬರ್ತಾರೆ. ಧೂಳು ಹೀರೋ ವ್ಯವಸ್ಥೆ ಎಲ್ಲಿ ಅಂತಾರೆ. ಉಳಿದವರನ್ನೂ ಪರೀಕ್ಷೆ ಮಾಡಿಸಿ ಅಂತಾರೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇರಲಿ ಬಿಡಿ. ಅವರ ಕಾಗದ ಒಂದೇ ಅಲ್ಲ. ನಾವು ಹೋಗಿ ನೋಡಬಹುದು."

ನಾನು ಅಷ್ಟಕ್ಕೆ ಬಿಡಲಿಲ್ಲ. ಯಾವ ವರ್ಷ ಬೇಲು ಕೋಣೆ, ಯಾವಾಗ ಕಾರ್ಡಿಂಗು, ಯಾವ ಮೇಸ್ತ್ರಿಯ ಕೈಕೆಳಗೆ, ಎಲ್ಲ ನೆನಪಿಸಿಕೊಂಡು ಹೇಳಿಕೆ ಬರೆದುಕೊಟ್ಟೆ. ನನ್ನ ಜೊತೆ ಕೆಲಸ ಮಾಡಿ ಬಿಟ್ಟ ಇಬ್ಬರು ಹೆಂಗಸರ ಮನೆ ವಿದ್ಯಾರಣ್ಯಪುರಂನಲ್ಲಿತ್ತು. ಅವರ ಬಾಗಿಲಿಗೆ ಹೋಗಿ, ನಿಂತು ನಿಂತು ಉಸಿರು ಎಳೆದುಕೊಂಡು, ಇವಳು ನಮ್ಮ ಜೊತೆ ಕಾರ್ಡಿಂಗಿನಲ್ಲಿದ್ದಳು ಅಂತ ಬರೆಸಿಕೊಂಡು ಬಂದೆ. ಮ್ಯಾನೇಜರು ಮಿಲ್ಲಿಗೆ ಹೋಗಿ ವಿಭಾಗವಾರು ಹಾಜರಿ ಪುಸ್ತಕ ತರಿಸಿ ನೋಡಿದರಂತೆ. ತಿಂಗಳು ತಿಂಗಳೂ ನನ್ನ ಹೆಸರು ಕಾರ್ಡಿಂಗಿನ ಹಾಳೆಯಲ್ಲೇ ಇತ್ತು. ಅದರ ನಕಲು ನನ್ನ ಕಡತಕ್ಕೆ ಸೇರಿತು.

ಮಂಡಳಿ ಕರೆದದ್ದು ಬೆಂಗಳೂರಿಗೆ. ಬೆಳಗಿನ ರೈಲಿನಲ್ಲಿ ಇಬ್ಬರೂ ಹೋದೆವು. ದೊಡ್ಡ ಮೇಜಿನ ಹಿಂದೆ ಮೂವರು ಡಾಕ್ಟರುಗಳು ಕೂತಿದ್ದರು. ಯಜಮಾನರನ್ನು ಹೊರಗೆ ಕೂರಿಸಿದರು. ಹಿರಿಯ ಡಾಕ್ಟರು ಕೇಳುತ್ತಾ ಹೋದರು.

"ಬೀಡಿ, ಸಿಗರೇಟು?"

"ಇಲ್ಲ ಸಾರ್."

"ಚಿಕ್ಕವರಿದ್ದಾಗ ಉಬ್ಬಸ ಇತ್ತಾ? ಮನೇಲಿ ಯಾರಿಗಾದ್ರೂ?"

"ಇಲ್ಲ. ನಮ್ಮಪ್ಪ ಎಪ್ಪತ್ತಾದ್ರೂ ಗದ್ದೆ ಬದು ಹತ್ತಿ ಇಳೀತಿದ್ರು."

"ಅಡುಗೆ ಯಾವುದರಲ್ಲಿ ಮಾಡ್ತೀರಿ?"

ಈ ಪ್ರಶ್ನೆಗಾಗಿ ನಾನು ಕಾದಿದ್ದೆ. "ಮದುವೆಯಾಗಿ ಬಂದಾಗಿನಿಂದ ಗ್ಯಾಸು ಸಾರ್. ಅದಕ್ಕೆ ಮುಂಚೆ ಹಳ್ಳೀಲಿ ಸೌದೆ ಒಲೆ ಇತ್ತು. ಅಮ್ಮ ಊದ್ತಿದ್ರು, ನಾನೂ ಊದಿದೀನಿ. ಸುಳ್ಳು ಹೇಳಲ್ಲ. ಆದ್ರೆ ಒಲೆ ಊದೋವಾಗ ನನಗೆ ಎದೆ ಬಿಗಿದಿರಲಿಲ್ಲ. ಬಿಗಿದದ್ದು ಗುರುವಾರ."

ಎಡಗಡೆ ಕೂತಿದ್ದ ಡಾಕ್ಟರು ಬುಧವಾರ ಗುರುವಾರದ ಹಾಳೆಗಳನ್ನು ಎತ್ತಿ ಹಿರಿಯರ ಮುಂದಿಟ್ಟರು. ಮೂವರೂ ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಎದೆಗೆ ಕೊಳವೆ ಇಟ್ಟು ಮುಂದೆ ಹಿಂದೆ ಕೇಳಿದರು. ಅಲ್ಲೇ ಮತ್ತೆ ಊದಿಸಿದರು. ಕಾರಿಡಾರಿನಲ್ಲಿ ನಡೆಸಿ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಆಮ್ಲಜನಕದ ಅಂಕಿ ನೋಡಿದರು.

"ಧೂಳಿಲ್ಲದ ಕಡೆ ಕೂತು ಮಾಡೋ ಕೆಲಸ ಕೊಟ್ರೆ ಮಾಡ್ತೀರಾ?" ಅಂತ ಹಿರಿಯರು ಕೊನೆಗೆ ಕೇಳಿದರು.

ಮಾಡಲ್ಲ ಅಂದರೆ ಪೂರ್ತಿ ಭತ್ಯೆ ಬರಬಹುದು ಅಂತ ರೈಲಿನಲ್ಲಿ ಯಾರೋ ಹೇಳಿದ್ದರು. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. "ಮಾಡ್ತೀನಿ ಸಾರ್. ಸುಮ್ನೆ ಕೂತು ಗೊತ್ತಿಲ್ಲ. ಆದ್ರೆ ಭಾರ ಎತ್ತಕ್ಕಾಗಲ್ಲ, ಮೆಟ್ಲು ಹತ್ತಕ್ಕಾಗಲ್ಲ, ಹತ್ತಿ ಹತ್ರ ಹೋಗಕ್ಕಾಗಲ್ಲ. ನಂಗೆ ಗೊತ್ತಿರೋ ಕೆಲಸ ಅದೊಂದೇ ಆಗಿತ್ತು."

ತೀರ್ಮಾನ ಅಂಚೆಯಲ್ಲಿ ಬಂತು. ಕಾಯಿಲೆ ಹತ್ತಿ ಧೂಳಿನದ್ದೇ, ಕೆಲಸದಿಂದಲೇ ಬಂದದ್ದು, ಶಾಶ್ವತ ನ್ಯೂನತೆ ಉಳಿದಿದೆ. ದುಡಿಯುವ ಶಕ್ತಿಯಲ್ಲಿ ಇಷ್ಟು ಭಾಗ ಹೋಗಿದೆ, ಇದು ತಾತ್ಕಾಲಿಕ ಲೆಕ್ಕ, ಇಂತಿಷ್ಟು ಕಾಲದ ಮೇಲೆ ಮತ್ತೆ ನೋಡಬೇಕು. ಆ ಭಾಗ ನಾನು ಎಣಿಸಿದ್ದಕ್ಕಿಂತ ಕಡಿಮೆ ಇತ್ತು. ಯಜಮಾನರು ಸಿಟ್ಟಾದರು. "ಮೆಟ್ಲ ಮೇಲೆ ಬಿದ್ದವಳಿಗೆ ಇಷ್ಟೇನಾ?" ನನಗೂ ಒಂದು ದಿನ ಮಂಕಾಗಿ ಕೂರುವ ಹಾಗಾಯಿತು. ಶಾಖಾ ಕಚೇರಿಯ ಮ್ಯಾನೇಜರು ಬಿಡಿಸಿ ಹೇಳಿದರು. ಮಂಡಳಿ ಅಳೆಯುವುದು ನೋವನ್ನಲ್ಲ, ದುಡಿಯುವ ಶಕ್ತಿಯಲ್ಲಿ ಕಳೆದುಹೋದ ಪಾಲನ್ನು. ಬೇರೆ ಕೆಲಸ ಮಾಡುವ ಶಕ್ತಿ ಉಳಿದಿದೆ ಅಂತ ಅವರು ಕಂಡಿದ್ದಾರೆ. ಒಪ್ಪಿಗೆಯಿಲ್ಲದಿದ್ದರೆ ಗಡುವಿನೊಳಗೆ ಮೇಲ್ಮನವಿ ಹಾಕಬಹುದು. ಹಾಕಲಾ ಬಿಡಲಾ ಅಂತ ಡಿಸ್ಪೆನ್ಸರಿಯ ಡಾಕ್ಟರನ್ನು ಕೇಳಿದೆ. ಹೇಗೂ ಮರುಪರೀಕ್ಷೆ ಇದೆ, ಅಷ್ಟರಲ್ಲಿ ಆರು ತಿಂಗಳಿಗೊಮ್ಮೆ ಊದಿಸಿ ವರದಿ ಸೇರಿಸುತ್ತಾ ಹೋಗೋಣ, ಶ್ವಾಸ ಇನ್ನೂ ಇಳಿದರೆ ಅದೇ ಮಾತಾಡುತ್ತದೆ ಅಂದರು. ನನಗೆ ಸರಿ ಕಂಡಿತು.

ಆಮೇಲೆ ಮಿಲ್ಲಿಗೆ ಹೋಗಿ ನಾನೇ ರಾಜೀನಾಮೆ ಕೊಟ್ಟೆ. ಅವರ ಟೈಪು ಹಾಳೆಯಲ್ಲಲ್ಲ, ನನ್ನ ಕೈಬರಹದಲ್ಲಿ. ಕಾರ್ಡಿಂಗ್ ವಿಭಾಗದ ಹತ್ತಿ ಧೂಳಿನಿಂದ ಬಂದ ಕಾಯಿಲೆಯ ಕಾರಣ ಕೆಲಸ ಮುಂದುವರಿಸಲು ಆಗದು ಅಂತ. ಸಿಬ್ಬಂದಿ ಅಧಿಕಾರಿ ಓದಿ, "ಇದನ್ನ ಬದಲಾಯಿಸ್ಬಹುದಲ್ವಾ?" ಅಂದರು.

"ಇಲ್ಲ ಸಾರ್. ಇದೇ ಕಾರಣ."

ಅವರು ಸೀಲು ಹಾಕಿ ನಕಲು ಕೊಟ್ಟರು. ಗ್ರಾಚ್ಯುಟಿ, ಪಿಎಫ್ ಎಲ್ಲ ಸರಿಯಾಗಿಯೇ ಬಂತು. ಅದರಲ್ಲಿ ದೂರಿಲ್ಲ. ಮಿಲ್ಲಿಗೆ ಇನ್‌ಸ್ಪೆಕ್ಟರು ಬಂದದ್ದು, ಕಾರ್ಡಿಂಗಿಗೆ ಧೂಳು ಹೀರುವ ದೊಡ್ಡ ಕೊಳವೆಗಳು ಬಂದದ್ದು ಆಮೇಲೆ ಕೇಳಿ ತಿಳಿಯಿತು. ಆ ಅಕ್ಕನೂ ಒಂದು ದಿನ ಮನೆಗೆ ಬಂದರು. ಕಾಫಿ ಕುಡಿಯುತ್ತಾ ಆ ಕಡೆ ಈ ಕಡೆ ಮಾತಾಡಿ, ಎದ್ದು ಹೊರಡುವಾಗ, "ಆ ಡಾಕ್ಟ್ರಮ್ಮ ಯಾವ್ಯಾವ ದಿನ ಇರ್ತಾರೆ?" ಅಂದರು. ಮರುದಿನ ನಾನೇ ಕರೆದುಕೊಂಡು ಹೋದೆ.

ಈಗ ನಾನು ವಿದ್ಯಾರಣ್ಯಪುರಂನ ಒಂದು ಲೇಡೀಸ್ ಹಾಸ್ಟೆಲ್ಲಿನಲ್ಲಿ ಕೆಲಸ ಮಾಡುತ್ತೇನೆ. ನೆಲಮಹಡಿಯಲ್ಲಿ ಕೂತು ಬರುವವರ ಹೋಗುವವರ ಹೆಸರು ಬರೆದುಕೊಳ್ಳುವುದು, ಬೀಗದ ಕೈ ನೋಡಿಕೊಳ್ಳುವುದು. ಸೇರುವ ಮುಂಚೆ ಒಂದು ಹೆದರಿಕೆ ಇತ್ತು. ದುಡಿಯುತ್ತಿದ್ದೇನೆ ಅಂತ ಗೊತ್ತಾದರೆ ಭತ್ಯೆ ನಿಲ್ಲಿಸಿಬಿಟ್ಟರೆ? ಮುಚ್ಚಿಡುವುದು ಬೇಡ ಅಂತ ಶಾಖಾ ಕಚೇರಿಗೆ ಹೋಗಿ ಕೇಳಿದೆ. ಬೇರೆ ಕಡೆ ದುಡಿದರೂ ಈ ಭತ್ಯೆ ನಿಲ್ಲುವುದಿಲ್ಲ, ಅದು ಹೋದ ಶಕ್ತಿಗೆ ಕೊಡುವುದು, ಆದರೆ ಬದುಕಿದ್ದೀರಿ ಅನ್ನುವ ಸರ್ಟಿಫಿಕೇಟು ಮಾತ್ರ ಕಾಲಕಾಲಕ್ಕೆ ಕೊಡಬೇಕು ಅಂದರು. ಮೊದಲ ಸಲ ಅದನ್ನು ಕೊಡಲು ಹೋದಾಗ ಯಜಮಾನರು ಕೌಂಟರಿನ ಹತ್ತಿರ, "ಬದುಕವ್ಳೆ ಸಾರ್, ದಿನಾ ಬೈತಾವ್ಳೆ" ಅಂದು ಅಲ್ಲಿದ್ದವರನ್ನೆಲ್ಲ ನಗಿಸಿದ್ದರು.

ಹೋದ ತಿಂಗಳು ಎರಡನೇ ಮಂಡಳಿ ಆಯಿತು. ಆರಾರು ತಿಂಗಳ ವರದಿಗಳೆಲ್ಲ ಮೇಜಿನ ಮೇಲಿದ್ದವು. ಈ ಸಲ ಒಬ್ಬರೇ ಹಳಬರು, ಉಳಿದಿಬ್ಬರು ಹೊಸಬರು. ಧೂಳು ಬಿಟ್ಟ ಮೇಲೆ ಉಸಿರು ಮತ್ತೆ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಹೋದದ್ದು ಇನ್ನು ತಿರುಗಿ ಬರುವುದಿಲ್ಲ ಅಂತ ಕಂಡು ಮೊದಲಿನ ಲೆಕ್ಕವನ್ನು ಒಂದಿಷ್ಟು ಹೆಚ್ಚಿಸಿ ಅದನ್ನೇ ಅಂತಿಮ ಮಾಡಿದ್ದಾರೆ ಅಂತ ನಿನ್ನೆ ಕಾಗದ ಬಂತು. ಹಾಸ್ಟೆಲ್ಲಿನಲ್ಲಿ ಕೂತೇ ಓದಿದೆ. ಅಷ್ಟರಲ್ಲಿ ಮೇಲಿನ ಮಹಡಿಯ ಹುಡುಗಿಯೊಬ್ಬಳು ಭಾರದ ಸೂಟ್‌ಕೇಸು ಎಳೆದುಕೊಂಡು ಬಂದು, "ಆಂಟಿ, ಒಂದು ಕೈ ಹಿಡೀತೀರಾ?" ಅಂದಳು. ಆಗಲ್ಲಮ್ಮ, ನಂಗೆ ಉಸಿರಿನ ತೊಂದರೆ ಇದೆ, ವಾಚ್‌ಮನ್ನನ್ನ ಕರೀತೀನಿ ಇರು ಅಂದೆ. ಹಾಗೆ ಹೇಳಲು ಈಗ ನನಗೆ ಯಾವ ನಾಚಿಕೆಯೂ ಇಲ್ಲ.